ಹೆಡ್ ಅಂಡ್ ಶೋಲ್ಡರ್ಸ್: ನೆಕ್‌ಲೈನ್ ಓರೆಯಾಗಿದ್ದಾಗ ಟಾರ್ಗೆಟ್ ಲೆಕ್ಕ ಹಾಕುವ ಬಗೆ

ಷೇರಿನ ಚಾರ್ಟ್‌ನಲ್ಲಿ ಮೂರು ಗುಡ್ಡ ಸಾಲಾಗಿ ಬಂದು, ನಡುವಿನದು ಎತ್ತರವಾಗಿದ್ದರೆ ಅದು ಹೆಡ್ ಅಂಡ್ ಶೋಲ್ಡರ್ಸ್ ಪ್ಯಾಟರ್ನ್: ನಡುವಿನದು ತಲೆ, ಪಕ್ಕದವು ಭುಜಗಳು, ನಡುವಿನ ಎರಡು ತಗ್ಗುಗಳನ್ನು ಸೇರಿಸುವ ಗೆರೆ ನೆಕ್‌ಲೈನ್. ಇದರ ಬಗ್ಗೆ ಓದಿದವರಿಗೆಲ್ಲ ಒಂದು ಸೂತ್ರ ಬಾಯಿಪಾಠವಾಗಿರುತ್ತದೆ. ತಲೆಯಿಂದ ನೆಕ್‌ಲೈನ್‌ವರೆಗಿನ ಎತ್ತರ ಅಳೆಯಿರಿ, ಅಷ್ಟನ್ನು ನೆಕ್‌ಲೈನ್‌ನಿಂದ ಕೆಳಗೆ ಕಳೆಯಿರಿ, ಟಾರ್ಗೆಟ್ ಸಿಕ್ಕಿತು. ಪುಸ್ತಕದ ಚಿತ್ರದಲ್ಲಿ ನೆಕ್‌ಲೈನ್ ನೆಟ್ಟಗೆ ಅಡ್ಡಕ್ಕೆ ಇರುತ್ತದೆ, ಹಾಗಾಗಿ ಲೆಕ್ಕವೂ ಸುಲಭ. ನಿಜವಾದ ಚಾರ್ಟ್‌ನಲ್ಲಿ ಅದು ಸಾಮಾನ್ಯವಾಗಿ ಸ್ವಲ್ಪ ಓರೆಯಾಗಿಯೇ ಇರುತ್ತದೆ. ಆಗ ‘ನೆಕ್‌ಲೈನ್’ ಅಂದರೆ ಯಾವ ಬೆಲೆ? ತಲೆ ಇದ್ದ ದಿನದ್ದಾ, ಬೆಲೆ ಗೆರೆ ಮುರಿದ ದಿನದ್ದಾ? ಹೆಚ್ಚಿನ ತಪ್ಪು ಟಾರ್ಗೆಟ್‌ಗಳು ಹುಟ್ಟುವುದು ಇಲ್ಲೇ. ಒಂದು ಉದಾಹರಣೆ ಹಿಡಿದುಕೊಂಡು ಮೊದಲಿನಿಂದ ಕೊನೆಯವರೆಗೆ ಹೋಗೋಣ. ಷೇರು ಕಾಲ್ಪನಿಕ, ಆದರೆ ಅಂಕಿಗಳ ನಡವಳಿಕೆ ದಿನದ ಚಾರ್ಟ್‌ನಲ್ಲಿ ಕಾಣುವಂಥದ್ದೇ.

ಹಂತ 1: ಮೊದಲು ಏರಿಕೆ ಇತ್ತಾ ನೋಡಿ

ಇದು ಏರಿಕೆ ಮುಗಿಯುವುದನ್ನು ಹೇಳುವ ಪ್ಯಾಟರ್ನ್. ಹಾಗಾಗಿ ಮುಗಿಯಲು ಒಂದು ಏರಿಕೆ ಇರಬೇಕು. ಆರು ತಿಂಗಳಿಂದ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಆಡುತ್ತಿರುವ ಷೇರಿನಲ್ಲೂ ಮೂರು ಗುಡ್ಡ ಕಾಣಬಹುದು. ಅದಕ್ಕೆ ಈ ಹೆಸರು ಕೊಟ್ಟರೆ ಪ್ರಯೋಜನವಿಲ್ಲ.

ನಮ್ಮ ಷೇರು ಕೆಲವು ತಿಂಗಳಲ್ಲಿ 420 ರೂಪಾಯಿಯಿಂದ ಏರುತ್ತಾ ಬಂದಿದೆ. 612ಕ್ಕೆ ಹೋಗಿ ನಿಂತಿತು, ಅದು ಎಡ ಭುಜ. ಅಲ್ಲಿಂದ 560ಕ್ಕೆ ಇಳಿಯಿತು. ಮತ್ತೆ ಏರಿ 660 ಮುಟ್ಟಿತು, ಅದು ತಲೆ. ಇಲ್ಲಿಯವರೆಗೆ ಯಾರಿಗೂ ಅನುಮಾನ ಬರುವ ಕಾರಣವಿಲ್ಲ, ಹೊಸ ಎತ್ತರ ಬಂದಿದೆ ಅಷ್ಟೇ. ನಂತರ ಇಳಿದದ್ದು 572ಕ್ಕೆ. ಗಮನಿಸಿ, ಇದು ಹಿಂದಿನ ಎತ್ತರವಾದ 612ಕ್ಕಿಂತ ಕೆಳಗೆ. ಗಟ್ಟಿಯಾದ ಏರಿಕೆಯಲ್ಲಿ ಹಳೆಯ ಎತ್ತರದ ಆಸುಪಾಸಿನಲ್ಲೇ ಕೊಳ್ಳುವವರು ಬಂದು ಬೆಲೆಯನ್ನು ಹಿಡಿಯುತ್ತಾರೆ. ಇಲ್ಲಿ ಹಾಗೆ ಆಗಲಿಲ್ಲ. ಅನುಮಾನ ಶುರುವಾಗಬೇಕಾದ ಜಾಗ ಇದು. ಕೊನೆಗೆ ಮತ್ತೊಂದು ಏರಿಕೆ 618ರಲ್ಲೇ ಸುಸ್ತಾಯಿತು. ಅದು ಬಲ ಭುಜ. ತಲೆಯನ್ನು ಮುಟ್ಟುವ ಶಕ್ತಿ ಕೊಳ್ಳುವವರಲ್ಲಿ ಉಳಿದಿಲ್ಲ ಅಂತ ಅರ್ಥ.

ಎರಡು ಭುಜಗಳು ಒಂದೇ ಎತ್ತರ, ಒಂದೇ ಅಗಲ ಇರಬೇಕೆಂದೇನಿಲ್ಲ. ಆದರೆ ಎಡ ಭುಜ ಆಗಲು ಮೂರು ವಾರ, ಬಲ ಭುಜ ಆಗಲು ಮೂರು ದಿನ ಅಂದರೆ ನಾನು ಆ ಚಾರ್ಟ್ ಬಿಟ್ಟು ಮುಂದೆ ಹೋಗುತ್ತೇನೆ. ವಾಲ್ಯೂಮ್ ಕೂಡ ನೋಡಿ. ಸಾಮಾನ್ಯವಾಗಿ ಎಡ ಭುಜದಲ್ಲಿ ಅಥವಾ ತಲೆಯಲ್ಲಿ ಜಾಸ್ತಿ ಇದ್ದು, ಬಲ ಭುಜದ ಏರಿಕೆಯಲ್ಲಿ ಕಡಿಮೆಯಾಗಿರುತ್ತದೆ. ಬಲ ಭುಜದಲ್ಲೇ ಎಲ್ಲಕ್ಕಿಂತ ಜಾಸ್ತಿ ವಾಲ್ಯೂಮ್ ಬಂದರೆ ಹುಷಾರಾಗಿರಿ, ಯಾರೋ ಅಲ್ಲಿ ಜೋರಾಗಿ ಕೊಳ್ಳುತ್ತಿರಬಹುದು.

ಹಂತ 2: ನೆಕ್‌ಲೈನ್ ಎಳೆಯಿರಿ

ಎರಡು ತಗ್ಗುಗಳನ್ನು ಸೇರಿಸುವ ಗೆರೆಯೇ ನೆಕ್‌ಲೈನ್. ಮೊದಲ ತಗ್ಗು 560, ಎರಡನೆಯದು 572. ಗೆರೆಯನ್ನು ಬಲಕ್ಕೆ ಮುಂದುವರಿಸಿ.

ಕ್ಯಾಂಡಲ್‌ನ ಕೆಳ ಕಡ್ಡಿಯ ತುದಿಗೆ ಎಳೆಯಬೇಕಾ, ಕ್ಲೋಸ್ ಬೆಲೆಗೆ ಎಳೆಯಬೇಕಾ ಎಂಬ ಪ್ರಶ್ನೆ ಬರುತ್ತದೆ. ಎರಡೂ ನಡೆಯುತ್ತದೆ. ನಡೆಯದ್ದು ಬೆರಕೆ. ಒಂದು ತಗ್ಗಿಗೆ ಕಡ್ಡಿಯ ತುದಿ, ಇನ್ನೊಂದಕ್ಕೆ ಕ್ಲೋಸ್, ತಲೆಗೆ ಮತ್ತೆ ಕಡ್ಡಿಯ ತುದಿ ಅಂತ ಅನುಕೂಲಕ್ಕೆ ತಕ್ಕ ಹಾಗೆ ಹಿಡಿದರೆ ಗೆರೆ ನಮಗೆ ಬೇಕಾದ ಕಡೆಗೆ ವಾಲುತ್ತದೆ. ಈ ಉದಾಹರಣೆಯಲ್ಲಿ ಎಲ್ಲ ಕಡೆ ಕಡ್ಡಿಯ ತುದಿಯನ್ನೇ ಹಿಡಿದಿದ್ದೇನೆ.

ಇನ್ನೊಂದು ವಿಷಯ. ಎರಡನೆಯ ತಗ್ಗು ಪೂರ್ತಿಯಾಗಿ, ಅಲ್ಲಿಂದ ಬೆಲೆ ಮೇಲೆ ತಿರುಗುವವರೆಗೆ ನೆಕ್‌ಲೈನ್ ಎಂಬುದೇ ಇಲ್ಲ. ತಲೆಯಿಂದ ಇಳಿಯುತ್ತಿರುವಾಗಲೇ ಗೆರೆ ಎಳೆದು ಮಾರಾಟಕ್ಕೆ ಕೂತವರು ಇನ್ನೂ ಆಗದ ಪ್ಯಾಟರ್ನ್ ಮೇಲೆ ದುಡ್ಡು ಹಾಕುತ್ತಿದ್ದಾರೆ.

ಈಗ ಓರೆಯ ಲೆಕ್ಕ. ಮೊದಲ ತಗ್ಗಿನ ಕ್ಯಾಂಡಲನ್ನು ಸೊನ್ನೆ ಎಂದುಕೊಳ್ಳಿ. ಅಲ್ಲಿಂದ ತಲೆ 18ನೇ ಕ್ಯಾಂಡಲ್, ಎರಡನೆಯ ತಗ್ಗು 30ನೇ ಕ್ಯಾಂಡಲ್. ಎಣಿಸಬೇಕಾದದ್ದು ಮಾರುಕಟ್ಟೆ ತೆರೆದಿದ್ದ ದಿನಗಳನ್ನು, ಕ್ಯಾಲೆಂಡರ್ ದಿನಗಳನ್ನಲ್ಲ. ಶನಿವಾರ, ಭಾನುವಾರ, ಹಬ್ಬದ ರಜೆ ಸೇರಿಸಿದರೆ ಚಾರ್ಟ್‌ನ ಗೆರೆಗೂ ನಿಮ್ಮ ಲೆಕ್ಕಕ್ಕೂ ತಾಳೆ ಬರುವುದಿಲ್ಲ. ಕೈಯಲ್ಲಿ ಎಣಿಸುವ ಕಷ್ಟ ಬೇಡ ಅಂದರೆ TradingView ಚಾರ್ಟ್‌ನಲ್ಲಿ Shift ಒತ್ತಿಕೊಂಡು ಒಂದು ತಗ್ಗಿನ ಮೇಲೆ ಕ್ಲಿಕ್ ಮಾಡಿ ಇನ್ನೊಂದರವರೆಗೆ ಎಳೆಯಿರಿ, ನಡುವೆ ಎಷ್ಟು bars ಎಂದು ಅದೇ ತೋರಿಸುತ್ತದೆ.

30 ಕ್ಯಾಂಡಲ್‌ಗಳಲ್ಲಿ ಗೆರೆ 560ರಿಂದ 572ಕ್ಕೆ, ಅಂದರೆ 12 ರೂಪಾಯಿ ಏರಿದೆ. ದಿನಕ್ಕೆ 40 ಪೈಸೆ. ಈ 40 ಪೈಸೆ ನೋಡಲು ಚಿಕ್ಕದು, ಆದರೆ ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಹಂತ 3: ಎತ್ತರ ಅಳೆಯಿರಿ

ಎತ್ತರವನ್ನು ತಲೆಯಿಂದ ನೇರ ಕೆಳಗೆ ಅಳೆಯಬೇಕು. ಗೆರೆಗೆ ಲಂಬವಾಗಿ ಓರೆಯಾಗಿ ಅಲ್ಲ, ತಗ್ಗಿನ ಬೆಲೆಗೂ ಅಲ್ಲ. ತಲೆ ಇದ್ದ ಅದೇ ದಿನ ನೆಕ್‌ಲೈನ್ ಎಲ್ಲಿತ್ತೋ ಅಲ್ಲಿಗೆ.

18ನೇ ಕ್ಯಾಂಡಲ್‌ನಲ್ಲಿ ನೆಕ್‌ಲೈನ್ = 560 + (18 × 0.40) = 567.20.

ಎತ್ತರ = 660 − 567.20 = 92.80.

ಬೆಲೆ ಇನ್ನೂ ಗೆರೆ ಮುರಿಯದಿದ್ದರೂ ಈ 92.80 ಅನ್ನು ಬರೆದಿಟ್ಟುಕೊಳ್ಳಬಹುದು. ಇದು ಇನ್ನು ಬದಲಾಗುವುದಿಲ್ಲ. ಬದಲಾಗುವುದು ಇದನ್ನು ಯಾವ ಬೆಲೆಯಿಂದ ಕಳೆಯಬೇಕು ಎನ್ನುವುದು ಮಾತ್ರ. ಅದು ಗೆರೆ ಮುರಿಯುವ ದಿನದ ಮೇಲೆ ನಿಂತಿದೆ.

ಹಂತ 4: ಮುರಿಯಿತಾ ಇಲ್ಲವಾ

ನಮ್ಮ ಷೇರು 41ನೇ ಕ್ಯಾಂಡಲ್‌ನಲ್ಲಿ 618 ಮುಟ್ಟಿ ಬಲ ಭುಜ ಮಾಡಿತು, ಆಮೇಲೆ ಇಳಿಯತೊಡಗಿತು. 48ನೇ ದಿನ ಮಧ್ಯಾಹ್ನ ಬೆಲೆ 575ಕ್ಕೆ ಬಂತು. ಅಂದಿನ ನೆಕ್‌ಲೈನ್ 579.20. ಗ್ರೂಪುಗಳಲ್ಲಿ ‘ಬ್ರೇಕ್ ಆಯ್ತು’ ಎಂಬ ಮೆಸೇಜುಗಳು ಶುರುವಾಗುವುದು ಇಂಥ ಹೊತ್ತಲ್ಲೇ. ಆದರೆ ಮೂರೂವರೆಗೆ ಷೇರು 584ರಲ್ಲಿ ಮುಗಿಯಿತು. ಅದು ಬ್ರೇಕ್ ಅಲ್ಲ. ಕೆಳಗೆ ಇಣುಕಿ ವಾಪಸ್ ಬಂದದ್ದು. ನೆಕ್‌ಲೈನ್ ಎಲ್ಲರ ಕಣ್ಣಿಗೂ ಕಾಣುವ ಗೆರೆ, ಅದರ ಕೆಳಗೆಯೇ ತುಂಬ ಜನರ ಸ್ಟಾಪ್‌ಲಾಸ್ ಇರುತ್ತದೆ. ಅವು ಒಂದರ ಹಿಂದೆ ಒಂದು ಹೊಡೆದಾಗ ಬೆಲೆ ಒಂದು ಕ್ಷಣ ಕುಸಿಯುತ್ತದೆ, ಮಾರುವವರು ಮುಗಿದ ಮೇಲೆ ಮೇಲೇಳುತ್ತದೆ.

ಹಾಗಾಗಿ ದಿನದ ಚಾರ್ಟ್ ಆದರೆ ದಿನದ ಕ್ಲೋಸ್, ವಾರದ ಚಾರ್ಟ್ ಆದರೆ ಶುಕ್ರವಾರದ ಕ್ಲೋಸ್. ಅದೂ ಗೆರೆಗಿಂತ ಇಪ್ಪತ್ತು ಪೈಸೆ ಕೆಳಗಿದ್ದರೆ ಸಾಲದು. ಹಳೆಯ ಕಾಲದ ಚಾರ್ಟ್ ಪಂಡಿತರು 3% ಕೆಳಗೆ ಮುಗಿಯಲಿ ಎನ್ನುತ್ತಿದ್ದರು. ದಿನಕ್ಕೆ 1% ಮಾತ್ರ ಅಲುಗಾಡುವ ಷೇರಿಗೆ ಅದು ತುಂಬ ದೂರ, 4% ಕುಣಿಯುವ ಷೇರಿಗೆ ಅದು ಏನೂ ಅಲ್ಲ. ಷೇರಿನ ದಿನದ ಸರಾಸರಿ ಓಡಾಟ ತೋರಿಸುವ ATR ಇಂಡಿಕೇಟರ್ ಹಾಕಿಕೊಂಡು, ಅದರ ಅರ್ಧದಷ್ಟಾದರೂ ಗೆರೆಯ ಕೆಳಗೆ ಕ್ಲೋಸ್ ಆಗಲಿ ಎಂಬುದು ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ನಮ್ಮ ಷೇರಿನ ATR 12 ಎಂದಿಟ್ಟುಕೊಳ್ಳಿ. ಆಗ 6 ರೂಪಾಯಿ ಬೇಕು.

50ನೇ ದಿನ ನೆಕ್‌ಲೈನ್ 580. ಷೇರು 573ರಲ್ಲಿ ಮುಗಿಯಿತು, 7 ರೂಪಾಯಿ ಕೆಳಗೆ, ವಾಲ್ಯೂಮ್ ಕೂಡ ಹಿಂದಿನ ದಿನಗಳಿಗಿಂತ ಜಾಸ್ತಿ. ಈಗ ಬ್ರೇಕ್ ಅನ್ನಬಹುದು.

ಹಂತ 5: ಟಾರ್ಗೆಟ್

ಮುರಿದ ದಿನದ ನೆಕ್‌ಲೈನ್‌ನಿಂದ ಎತ್ತರವನ್ನು ಕಳೆಯಿರಿ. 580 − 92.80 = 487.20.

ಅಂದಿನ ಕ್ಲೋಸ್ ಆದ 573ರಿಂದ ಕಳೆಯಬಾರದು, ಗೆರೆಯ ಬೆಲೆಯಿಂದಲೇ ಕಳೆಯಬೇಕು. ಇನ್ನು, ಓರೆಯನ್ನು ಮರೆತು ಕಡಿಮೆ ಇರುವ ತಗ್ಗನ್ನೇ ನೆಕ್‌ಲೈನ್ ಅಂದುಕೊಂಡವರ ಲೆಕ್ಕ ನೋಡಿ: 660 − 560 = 100, ಆಮೇಲೆ 560 − 100 = 460. ಸರಿಯಾದ ಲೆಕ್ಕಕ್ಕೂ ಇದಕ್ಕೂ 27 ರೂಪಾಯಿ ವ್ಯತ್ಯಾಸ. ಷೇರು 488ಕ್ಕೆ ಬಂದು ಮೇಲೆ ತಿರುಗಿದರೆ ಮೊದಲನೆಯವರು ಲಾಭ ತೆಗೆದುಕೊಂಡು ಕೂತಿರುತ್ತಾರೆ, ಎರಡನೆಯವರು 460ಕ್ಕಾಗಿ ಕಾಯುತ್ತಾ ಸಿಕ್ಕಿದ್ದನ್ನೂ ವಾಪಸ್ ಕೊಡುತ್ತಾರೆ.

ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್‌ನಲ್ಲಿ ಇದನ್ನು ಒಮ್ಮೆ ಮಾಡಿಟ್ಟುಕೊಂಡರೆ ಸಾಕು. B1ರಲ್ಲಿ ಮೊದಲ ತಗ್ಗಿನ ಬೆಲೆ, B2ರಲ್ಲಿ ಎರಡನೆಯ ತಗ್ಗಿನ ಬೆಲೆ, B3ರಲ್ಲಿ ಮೊದಲ ತಗ್ಗಿನಿಂದ ಎರಡನೆಯದಕ್ಕೆ ಎಷ್ಟು ಕ್ಯಾಂಡಲ್. B4ರಲ್ಲಿ ತಲೆಯ ಬೆಲೆ, B5ರಲ್ಲಿ ಮೊದಲ ತಗ್ಗಿನಿಂದ ತಲೆಗೆ ಎಷ್ಟು ಕ್ಯಾಂಡಲ್, B6ರಲ್ಲಿ ಮೊದಲ ತಗ್ಗಿನಿಂದ ಬ್ರೇಕ್‌ಗೆ ಎಷ್ಟು ಕ್ಯಾಂಡಲ್. ಉಳಿದದ್ದು ಹೀಗೆ:

```
B7   =(B2-B1)/B3
B8   =B1+B7*B5
B9   =B4-B8
B10  =B1+B7*B6-B9
```

B9 ಎತ್ತರ, B10 ಟಾರ್ಗೆಟ್. ನೆಕ್‌ಲೈನ್ ಕೆಳಮುಖವಾಗಿ ಓರೆಯಾಗಿದ್ದರೆ B7 ತಾನಾಗಿಯೇ ಮೈನಸ್ ಆಗುತ್ತದೆ, ಸೂತ್ರ ಬದಲಿಸಬೇಕಿಲ್ಲ. ಕೆಳಮುಖ ಓರೆಯಲ್ಲಿ ಒಂದು ತೊಂದರೆ ಇದೆ. ಗೆರೆ ದಿನದಿನಕ್ಕೂ ಕೆಳಗೆ ಹೋಗುತ್ತಿರುವುದರಿಂದ ಬ್ರೇಕ್ ತಡವಾಗಿ ಸಿಗುತ್ತದೆ, ಆ ಹೊತ್ತಿಗೆ ಅರ್ಧ ಇಳಿಕೆ ಆಗಿಹೋಗಿರುತ್ತದೆ. ಓರೆ ತೀರಾ ಕಡಿದಾಗಿದ್ದರೆ ಎರಡನೆಯ ತಗ್ಗಿನಿಂದ ಒಂದು ಅಡ್ಡ ಗೆರೆ ಎಳೆದು ಅದನ್ನೇ ಬ್ರೇಕ್‌ನ ಗಡಿಯಾಗಿ ಇಟ್ಟುಕೊಳ್ಳುವುದು ಮೇಲು.

ಬೆಲೆಯಲ್ಲಿ ಅಳೆದದ್ದಾಯಿತು. ಶೇಕಡಾ ಲೆಕ್ಕದಲ್ಲೂ ಒಮ್ಮೆ ಅಳೆದು ನೋಡಿ. ತಲೆಯಿಂದ ನೆಕ್‌ಲೈನ್‌ಗೆ ಇಳಿಕೆ 660ಕ್ಕೆ 92.80, ಸುಮಾರು 14%. ಮುರಿದ ದಿನದ 580ರಿಂದ ಅಷ್ಟೇ ಶೇಕಡಾ ಇಳಿದರೆ ಸುಮಾರು 498. ಇಲ್ಲಿ ವ್ಯತ್ಯಾಸ ಚಿಕ್ಕದು. ಆದರೆ ತಲೆಯ ಎತ್ತರವೇ ಬೆಲೆಯ 40% ಇರುವ ಸಣ್ಣ ಕಂಪನಿಯ ಷೇರಿನಲ್ಲಿ ಬೆಲೆಯ ಲೆಕ್ಕ ನಂಬಲಾಗದಷ್ಟು ಕೆಳಗಿನ ಟಾರ್ಗೆಟ್ ಕೊಡುತ್ತದೆ. ಅಂಥ ಕಡೆ ಚಾರ್ಟನ್ನು ಲಾಗ್ ಸ್ಕೇಲ್‌ಗೆ ಹಾಕಿಕೊಂಡು ಶೇಕಡಾ ಲೆಕ್ಕವನ್ನೇ ನಂಬಿ. ನಮ್ಮ ಷೇರಿಗೆ 487ರಿಂದ 498ರ ಪಟ್ಟಿಯನ್ನು ಟಾರ್ಗೆಟ್ ಎಂದುಕೊಳ್ಳೋಣ.

ಮುಗಿಸುವ ಮೊದಲು ಎರಡು ತಾಳೆ ನೋಡಿ. ಒಂದು, ಏರಿಕೆ ಶುರುವಾದ 420ಕ್ಕಿಂತ ಟಾರ್ಗೆಟ್ ಕೆಳಗಿದೆಯಾ? ಇಲ್ಲ, ಮೇಲೆಯೇ ಇದೆ, ಸರಿ. ಚಿಕ್ಕ ಏರಿಕೆಯ ಮೇಲೆ ಕೂತ ದೊಡ್ಡ ಪ್ಯಾಟರ್ನ್ ಆದರೆ ಟಾರ್ಗೆಟ್ ಏರಿಕೆಯ ಬುಡವನ್ನೂ ದಾಟಿ ಹೋಗುತ್ತದೆ. ಇಳಿಯಲು ಅಷ್ಟು ಜಾಗವೇ ಇರುವುದಿಲ್ಲ. ಎರಡು, ನಡುವೆ ಹಳೆಯ ಸಪೋರ್ಟ್ ಇದೆಯಾ? 510ರಲ್ಲಿ ಹಿಂದೆ ಬೆಲೆ ಹಲವು ಸಲ ನಿಂತಿದ್ದರೆ ಅರ್ಧ ಲಾಭ ಅಲ್ಲೇ ತೆಗೆಯುವ ಯೋಚನೆ ಮಾಡಿ. ಈ ಅಳತೆಗೆ ಆ ಹಳೆಯ ಬೆಲೆಗಳ ಬಗ್ಗೆ ಏನೂ ಗೊತ್ತಿರುವುದಿಲ್ಲ.

ಹಂತ 6: ಈ ಟಾರ್ಗೆಟ್‌ಗಾಗಿ ಎಷ್ಟು ಪಣಕ್ಕಿಡಬೇಕು

ಮರುದಿನ 572ಕ್ಕೆ ಮಾರಿದಿರಿ ಎನ್ನಿ. ಸ್ಟಾಪ್‌ಲಾಸ್ ಬಲ ಭುಜದ ಸ್ವಲ್ಪ ಮೇಲೆ, 621. ನಷ್ಟವಾದರೆ ಷೇರಿಗೆ 49. ಟಾರ್ಗೆಟ್ ಸಿಕ್ಕಿದರೆ ಸುಮಾರು 85. ಒಂದಕ್ಕೆ ಒಂದೂಮುಕ್ಕಾಲು. ತೆಗೆದುಕೊಳ್ಳಬಹುದು, ಆದರೆ ಹಬ್ಬ ಮಾಡುವಂಥದ್ದಲ್ಲ.

ಅದೇ ಮರುದಿನ ಕೆಟ್ಟ ರಿಸಲ್ಟ್ ಬಂದು ಷೇರು ಗ್ಯಾಪ್ ಡೌನ್ ಆಗಿ 545ಕ್ಕೆ ತೆರೆಯಿತು ಎನ್ನಿ. ಟಾರ್ಗೆಟ್ 487 ಬದಲಾಗಿಲ್ಲ. ಉಳಿದಿರುವ ಲಾಭ 58, ಸ್ಟಾಪ್‌ಲಾಸ್‌ವರೆಗೆ ನಷ್ಟ 76. ಪ್ಯಾಟರ್ನ್ ನೂರಕ್ಕೆ ನೂರು ಸರಿಯಿದ್ದರೂ ಈ ಟ್ರೇಡ್ ಬೇಡ.

ಕೆಲವು ಸಲ ಮುರಿದ ಬೆಲೆ ಮತ್ತೆ ಮೇಲೆ ಬಂದು ನೆಕ್‌ಲೈನನ್ನು ಕೆಳಗಿನಿಂದ ಮುಟ್ಟಿ ತಿರುಗುತ್ತದೆ. 56ನೇ ದಿನ ಗೆರೆ 582.40ರಲ್ಲಿದೆ, ಬೆಲೆ 579ಕ್ಕೆ ಬಂದು ತಿರುಗಿತು, ನೀವು 575ಕ್ಕೆ ಮಾರಿದಿರಿ, ಸ್ಟಾಪ್‌ಲಾಸ್ 596 ಇಟ್ಟಿರಿ. ಈಗ ನಷ್ಟ 21, ಲಾಭ ಸುಮಾರು 88, ನಾಲ್ಕು ಪಟ್ಟು. ಚೆನ್ನಾಗಿದೆ ಅಲ್ವಾ? ಆದರೆ ಹತ್ತಿರದ ಸ್ಟಾಪ್‌ಲಾಸ್ ಬೇಗ ಹೊಡೆಯುತ್ತದೆ. ಜೊತೆಗೆ, ತುಂಬ ದುರ್ಬಲವಾದ ಷೇರು ವಾಪಸ್ ಬರುವುದೇ ಇಲ್ಲ. ಕಾಯುವವರು ಅತಿ ದೊಡ್ಡ ಇಳಿಕೆಗಳನ್ನು ತಪ್ಪಿಸಿಕೊಳ್ಳುತ್ತಾರೆ. ಅದು ಕಾಯುವುದಕ್ಕೆ ತೆರಬೇಕಾದ ಬೆಲೆ.

ನಮ್ಮ ಮಾರುಕಟ್ಟೆಯಲ್ಲಿ ಇನ್ನೊಂದು ಅಡ್ಡಿ ಇದೆ. ಕೈಯಲ್ಲಿಲ್ಲದ ಷೇರನ್ನು ಕ್ಯಾಶ್ ವಿಭಾಗದಲ್ಲಿ ಮಾರಿದರೆ ಸಂಜೆಯೊಳಗೆ ವಾಪಸ್ ಕೊಳ್ಳಲೇಬೇಕು. ಟಾರ್ಗೆಟ್‌ಗೆ ವಾರಗಟ್ಟಲೆ ಬೇಕಾಗುವ ಈ ಪ್ಯಾಟರ್ನ್‌ಗೆ ಅದು ಆಗದ ಮಾತು. ಫ್ಯೂಚರ್ಸ್ ಅಥವಾ ಪುಟ್ ಆಪ್ಶನ್ ಬೇಕು, ಅದು ಎಲ್ಲ ಷೇರುಗಳಲ್ಲೂ ಇಲ್ಲ. ಇದ್ದರೂ ಲಾಟ್ ಲೆಕ್ಕದಲ್ಲೇ ಮಾಡಬೇಕು. ನಿಮ್ಮ ಬಂಡವಾಳ 5 ಲಕ್ಷ, ಒಂದು ಟ್ರೇಡ್‌ನಲ್ಲಿ 1% ಅಂದರೆ 5,000ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು ಎಂಬುದು ನಿಮ್ಮ ನಿಯಮ. ಷೇರಿಗೆ 49 ನಷ್ಟವಾದರೆ 102 ಷೇರು ಮಾರಬಹುದು. ಲಾಟ್ 1,000 ಷೇರಿನದ್ದಾಗಿದ್ದರೆ ಒಂದೇ ಲಾಟ್‌ಗೆ ನಷ್ಟ 49,000. ನಿಯಮದ ಹತ್ತು ಪಟ್ಟು. ಅಲ್ಲಿಗೆ ಫ್ಯೂಚರ್ಸ್ ಮಾತು ಮುಗಿಯಿತು. ಪುಟ್ ಕೊಂಡರೆ ನಷ್ಟ ಪ್ರೀಮಿಯಂಗೆ ಸೀಮಿತ, ಆದರೆ ದಿನ ಕಳೆದಂತೆ ಪ್ರೀಮಿಯಂ ಕರಗುತ್ತದೆ. ಎಕ್ಸ್‌ಪೈರಿ ಟಾರ್ಗೆಟ್‌ಗಿಂತ ಮೊದಲೇ ಬಂದರೆ ದಿಕ್ಕು ಸರಿಯಿದ್ದೂ ದುಡ್ಡು ಹೋಗುತ್ತದೆ. ಪ್ಯಾಟರ್ನ್ ಆಗಲು 50 ದಿನ ಹಿಡಿದಿದ್ದರೆ ಟಾರ್ಗೆಟ್‌ಗೂ ಕೆಲವು ವಾರ ಬೇಕಾದೀತು ಎಂದುಕೊಂಡೇ ತಿಂಗಳನ್ನು ಆರಿಸಿ.

ಹಾಗಾಗಿ ಹೆಚ್ಚಿನವರಿಗೆ ಇದು ಡಿಮ್ಯಾಟ್‌ನಲ್ಲಿ ಈಗಾಗಲೇ ಇರುವ ಷೇರನ್ನು ಯಾವಾಗ ಬಿಡಬೇಕು ಎಂದು ತೀರ್ಮಾನಿಸಲು ಹೆಚ್ಚು ಉಪಯೋಗ. 450ರಲ್ಲಿ ಕೊಂಡವರಿಗೆ 573ರ ಕ್ಲೋಸ್ ಒಂದು ಸ್ಪಷ್ಟ ಗಡಿ. ಟಾರ್ಗೆಟ್ 487 ಎನ್ನುವುದು, ಹಿಡಿದುಕೊಂಡರೆ ಲಾಭದಲ್ಲಿ ಎಷ್ಟು ಹೋಗಬಹುದು ಎಂಬ ಅಂದಾಜು.

ತಲೆಕೆಳಗಾದ ಹೆಡ್ ಅಂಡ್ ಶೋಲ್ಡರ್ಸ್‌ಗೂ ಲೆಕ್ಕ ಇದೇ, ಕಳೆಯುವ ಕಡೆ ಕೂಡಿಸಿ. ಒಂದೇ ವ್ಯತ್ಯಾಸವೆಂದರೆ ಮೇಲಕ್ಕೆ ಮುರಿಯುವಾಗ ವಾಲ್ಯೂಮ್ ಬೇಕೇ ಬೇಕು. ಬೆಲೆ ಕೊಳ್ಳುವವರಿಲ್ಲದೆಯೂ ಬೀಳಬಹುದು, ಆದರೆ ಕೊಳ್ಳುವವರಿಲ್ಲದೆ ಏರುವುದಿಲ್ಲ.

ಹಂತ 7: ಸೋತದ್ದು ಗೊತ್ತಾಗುವುದು ಹೇಗೆ

ಈ ಪ್ಯಾಟರ್ನ್ ಎಷ್ಟು ನಂಬಬಹುದು ಎಂದು ಅಳೆಯಲು ಹೊರಟವರಿದ್ದಾರೆ. ನ್ಯೂಯಾರ್ಕ್‌ನ ಫೆಡರಲ್ ರಿಸರ್ವ್ ಬ್ಯಾಂಕ್‌ನಿಂದ 1995ರಲ್ಲಿ ಬಂದ ಒಂದು ಅಧ್ಯಯನ ಡಾಲರ್ ಎದುರಿನ ಆರು ಕರೆನ್ಸಿಗಳಲ್ಲಿ ಇದನ್ನು ಕಂಪ್ಯೂಟರ್‌ನಿಂದ ಹುಡುಕಿಸಿತು. ಜರ್ಮನ್ ಮಾರ್ಕ್ ಮತ್ತು ಜಪಾನಿನ ಯೆನ್‌ನಲ್ಲಿ ಲಾಭ ಕಂಡಿತು, ಉಳಿದ ನಾಲ್ಕರಲ್ಲಿ ಕಾಣಲಿಲ್ಲ. ಅಂದರೆ ಸೋಲು ಇಲ್ಲಿ ಅಪರೂಪವಲ್ಲ.

ದೊಡ್ಡ ಸೋಲೊಂದನ್ನು 2010ರಲ್ಲಿ ಎಲ್ಲರೂ ನೋಡಿದರು. ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕದಲ್ಲಿ ಜನವರಿಯ 1150 ಎಡ ಭುಜ, ಏಪ್ರಿಲ್‌ನ 1220 ತಲೆ, ಜೂನ್‌ನ 1131 ಬಲ ಭುಜ. ಫೆಬ್ರವರಿಯ ತಗ್ಗು 1044, ಮೇ ತಿಂಗಳ ತಗ್ಗು 1041. ನೆಕ್‌ಲೈನ್ ಹೆಚ್ಚುಕಡಿಮೆ ಅಡ್ಡಕ್ಕೆ, 1040ರ ಹತ್ತಿರ. ಎತ್ತರ ಸುಮಾರು 180, ಟಾರ್ಗೆಟ್ 860. ಜೂನ್ 30ರಂದು ಸೂಚ್ಯಂಕ 1031ರ ಆಸುಪಾಸು, ಗೆರೆಯ ಕೆಳಗೆ ಮುಗಿಯಿತು. ಜುಲೈ ಆರಂಭದಲ್ಲಿ 1010ರವರೆಗೂ ಇಳಿಯಿತು. ಅಷ್ಟೇ. ಜುಲೈ 7ರಂದು 1060ರಲ್ಲಿ, ಮತ್ತೆ ಗೆರೆಯ ಮೇಲೆ ಮುಗಿಯಿತು.

ಇಲ್ಲಿ ಗಮನಿಸಬೇಕಾದದ್ದು ಹೊರಬರುವ ದಾರಿ. ಜೂನ್ 30ರ ಕ್ಲೋಸ್‌ಗೆ ಮಾರಿ, ‘ನೆಕ್‌ಲೈನ್ ಮೇಲೆ ಕ್ಲೋಸ್ ಆದರೆ ಹೊರಗೆ’ ಎಂಬ ನಿಯಮ ಇಟ್ಟುಕೊಂಡವರಿಗೆ ಸುಮಾರು 30 ಪಾಯಿಂಟ್ ನಷ್ಟ. ಬಲ ಭುಜದ ಮೇಲೆ ಸ್ಟಾಪ್‌ಲಾಸ್ ಇಟ್ಟು ಕಾದವರ ಕಥೆ ಬೇರೆ. ಸೂಚ್ಯಂಕ ಆಗಸ್ಟ್‌ನಲ್ಲಿ 1129ಕ್ಕೆ ಬಂದು ಅವರ ಸ್ಟಾಪ್‌ಲಾಸ್‌ನ ಹೊಸ್ತಿಲಲ್ಲಿ ತಿರುಗಿತು, ಮತ್ತೆ 1040ಕ್ಕೆ ಇಳಿದು ಆಸೆ ಹುಟ್ಟಿಸಿತು, ಸೆಪ್ಟೆಂಬರ್‌ನಲ್ಲಿ 1131 ದಾಟಿ ನೂರು ಪಾಯಿಂಟ್ ನಷ್ಟ ಕೈಗಿಟ್ಟಿತು. ನವೆಂಬರ್‌ನಲ್ಲಿ ತಲೆಯನ್ನೂ ದಾಟಿತು.

ಹಾಗಂತ ಮೊದಲ ನಿಯಮವೇ ಯಾವಾಗಲೂ ಮೇಲು ಅಂತಲ್ಲ. ಬೆಲೆ ನೆಕ್‌ಲೈನ್ ಮೇಲೆ ಒಂದು ದಿನ ಕ್ಲೋಸ್ ಆಗಿ ನಿಮ್ಮನ್ನು ಹೊರಹಾಕಿ, ಆಮೇಲೆ ನೇರ ಟಾರ್ಗೆಟ್‌ಗೆ ಬೀಳುವುದೂ ಉಂಟು. ನಾನು ನಡುದಾರಿ ಹಿಡಿಯುತ್ತೇನೆ. ಮುರಿಯಿತು ಅನ್ನಲು ಎಷ್ಟು ದೂರ ಕೇಳಿದ್ದೆವೋ, ಮುರಿದದ್ದು ಸುಳ್ಳು ಅನ್ನಲೂ ಅಷ್ಟೇ ದೂರ. ನಮ್ಮ ಷೇರಿನಲ್ಲಿ ಅದು 6 ರೂಪಾಯಿ. ಬ್ರೇಕ್ ಆದ ಮೇಲೆ ಯಾವುದೇ ದಿನ ಬೆಲೆ ಅಂದಿನ ನೆಕ್‌ಲೈನ್‌ಗಿಂತ 6 ರೂಪಾಯಿ ಮೇಲೆ ಮುಗಿದರೆ ಹೊರಗೆ ಬಂದು, ಚಾರ್ಟ್‌ನಿಂದ 487ರ ಗೆರೆಯನ್ನೂ ಅಳಿಸಿಬಿಡಿ. ಅಂದಿನ ನೆಕ್‌ಲೈನ್ ಅಂದೆ, ಮುರಿದ ದಿನದ್ದಲ್ಲ. ಮೇಲ್ಮುಖ ಗೆರೆ ದಿನಕ್ಕೆ 40 ಪೈಸೆ ಏರುತ್ತಲೇ ಇರುತ್ತದೆ. 75ನೇ ದಿನ ಅದು 590ರಲ್ಲಿರುತ್ತದೆ, ಹೊರಬರುವ ಗಡಿ 596 ಆಗಿರುತ್ತದೆ. ಅಷ್ಟು ದಿನವಾದರೂ ಬೆಲೆ ಇನ್ನೂ 570–580ರ ನಡುವೆಯೇ ಆಡುತ್ತಿದ್ದರೆ ಗಡಿ ಮುಟ್ಟುವವರೆಗೆ ಕಾಯುವುದೂ ಬೇಡ. ಬೀಳಬೇಕಾದ ಷೇರು ಇಷ್ಟು ದಿನ ಬೀಳದೆ ನಿಂತಿದೆ ಅಂದರೆ ಕೆಳಗೆ ಯಾರೋ ಕೊಳ್ಳುತ್ತಿದ್ದಾರೆ.